ಅಮ್ಮನ ಸಿಟಿ ರಿಪೋರ್ಟ್‌ನಲ್ಲಿ ಅಡ್ರಿನಲ್ ಗಂಟು, "6 ಎಚ್‌ಯು" ಅಂತ ಇದೆ. ಈ ಆರು ಏನು ಹೇಳುತ್ತೆ?

ತುಂಗಾತೀರ

ಎಲ್ಲರಿಗೂ ನಮಸ್ಕಾರ. ಅಮ್ಮನಿಗೆ 58 ವರ್ಷ. ಹೋದ ವಾರ ನಡುರಾತ್ರಿ ಎಡ ಪಕ್ಕೆಯಲ್ಲಿ ತಡೆಯಲಾಗದ ನೋವು ಬಂತು. ಕಿಡ್ನಿ ಕಲ್ಲು ಇರಬಹುದು ಅಂತ ಕಾಂಟ್ರಾಸ್ಟ್ ಇಲ್ಲದ ಪ್ಲೇನ್ ಸಿಟಿ ಮಾಡಿಸಿದರು. 5 ಮಿ.ಮೀ. ಕಲ್ಲು ಸಿಕ್ಕಿತು, ಎರಡು ದಿನಕ್ಕೆ ತಾನೇ ಬಿದ್ದೂ ಹೋಯಿತು. ನೋವು ಮುಗಿಯಿತು ಅಂದುಕೊಳ್ಳುವಾಗ ರಿಪೋರ್ಟಿನ ಕೊನೆಯ ಸಾಲು ಕಣ್ಣಿಗೆ ಬಿತ್ತು. ಎಡ ಅಡ್ರಿನಲ್ ಗ್ರಂಥಿಯಲ್ಲಿ 2.3 ಸೆಂ.ಮೀ. ಗಂಟು, ಒಳಗೆಲ್ಲ ಒಂದೇ ಸಮನಾಗಿದೆ, ಸರಾಸರಿ 6 ಎಚ್‌ಯು, ಅಡಿನೋಮ ಇರಬಹುದು ಅಂತ ಬರೆದಿದ್ದಾರೆ.

ಅಡಿನೋಮ ಅಂದರೆ ಕ್ಯಾನ್ಸರ್ ಅಲ್ಲದ ಗಡ್ಡೆ ಅಂತ ನಮ್ಮ ಫ್ಯಾಮಿಲಿ ಡಾಕ್ಟರು ಹೇಳಿದರು. ಚುಚ್ಚಿ ನೋಡಿಲ್ಲ, ತುಣುಕು ತೆಗೆದಿಲ್ಲ, ಬರೀ ಒಂದು ಅಂಕಿ ನೋಡಿ ಹಾಗೆ ಹೇಗೆ ಹೇಳ್ತಾರೆ? ಅದೇ ರಿಪೋರ್ಟಿನಲ್ಲಿ ಕಲ್ಲಿಗೆ 980 ಎಚ್‌ಯು ಅಂತಿದೆ. ಎಲ್ಲಿಯ 980, ಎಲ್ಲಿಯ 6? ಗೊತ್ತಿದ್ದವರು ಬಿಡಿಸಿ ಹೇಳಿ.

ಧಾರವಾಡದಾಂವ

ಅಣ್ಣಾರ, ಹೆದರಬ್ಯಾಡ್ರಿ. ಸಿಟಿಯೊಳಗ ನೀರಿಗೆ ಸೊನ್ನಿ, ಗಾಳಿಗೆ ಮೈನಸ್ ಸಾವಿರ, ಎಲುಬಿಗೆ ಸಾವಿರದ ಮ್ಯಾಲ. ಆರು ಅಂದ್ರ ಸೊನ್ನಿ ಬಾಜೂಕ ಅದ. ಅಂದ್ರ ಒಳಗ ನೀರು ಅದ. ನಮ್ಮ ಕಾಕಾಗ ಕಿಡ್ನಿಯೊಳಗ ಹಿಂಗ 8 ಬಂದಿತ್ತು, ನೀರಿನ ಗುಳ್ಳಿ ಅಂತ ಹೇಳಿ ಬಿಟ್ಟುಬಿಟ್ರು. ನಿಮ್ಮ ಅವ್ವಾರದೂ ನೀರಿನ ಗುಳ್ಳಿನ.

ಹಾಸನದ ಮೇಷ್ಟ್ರು

ಅಂಕಿ ಎಲ್ಲಿಂದ ಬರುತ್ತೆ ಅನ್ನೋದು ಭೌತಶಾಸ್ತ್ರದ ಮಾತು, ಅಷ್ಟನ್ನು ನಾನು ಹೇಳಬಲ್ಲೆ. ಮೂವತ್ತು ವರ್ಷ ಪಿ.ಯು. ಮಕ್ಕಳಿಗೆ ಕಲಿಸಿದ್ದೇನೆ. ವೈದ್ಯರ ಭಾಗ ವೈದ್ಯರಿಗೆ ಬಿಡ್ತೀನಿ.

ಎಕ್ಸ್‌ರೇ ಕಿರಣ ಒಂದು ವಸ್ತುವಿನ ಮೂಲಕ ಹಾಯುವಾಗ ಪ್ರತಿ ಸೆಂಟಿಮೀಟರಿಗೆ ಸ್ವಲ್ಪ ಸ್ವಲ್ಪ ನಷ್ಟವಾಗುತ್ತೆ. ಆ ನಷ್ಟದ ಪ್ರಮಾಣಕ್ಕೆ ಮ್ಯೂ ಅಂತ ಹೆಸರು. ಸಿಟಿ ಯಂತ್ರ ಸುತ್ತಲೂ ತಿರುಗಿ ಅಳೆದು, ದೇಹದ ಒಂದೊಂದು ಚಿಕ್ಕ ಘನದ ಮ್ಯೂ ಎಷ್ಟು ಅಂತ ಲೆಕ್ಕ ಹಾಕುತ್ತೆ. ಆಮೇಲೆ ಅದನ್ನು ನೀರಿನ ಪಕ್ಕ ಇಟ್ಟು ತೂಗುತ್ತೆ.

```
HU = 1000 × (μ − μ_water) / (μ_water − μ_air)
```

ಗಾಳಿಯ ಮ್ಯೂ ಹೆಚ್ಚುಕಡಿಮೆ ಸೊನ್ನೆ. ಹಾಗಾಗಿ ಒಂದು ಎಚ್‌ಯು ಅಂದರೆ ನೀರಿನ ತಡೆಯ ಸಾವಿರದಲ್ಲಿ ಒಂದು ಪಾಲು, ಅಷ್ಟೇ. ನಿಮ್ಮ ತಾಯಿಯವರ ಗಂಟು ನೀರಿಗಿಂತ ಸಾವಿರಕ್ಕೆ ಆರು ಪಾಲು ಹೆಚ್ಚು ತಡೆದಿದೆ. ಕಲ್ಲು ನೀರಿನ ಸುಮಾರು ಎರಡರಷ್ಟು ತಡೆದಿದೆ, ಅದಕ್ಕೇ 980. ಗಾಳಿ ಏನೂ ತಡೆಯಲ್ಲ, ಅದಕ್ಕೆ ಮೈನಸ್ ಸಾವಿರ.

ಕೊಬ್ಬು ಮೈನಸ್ ನೂರರ ಆಸುಪಾಸು ಬೀಳುತ್ತೆ. ಸಾರಿನ ಮೇಲೆ ಒಗ್ಗರಣೆ ಎಣ್ಣೆ ತೇಲೋದನ್ನು ನೋಡಿದ್ದೀರಲ್ಲ, ಕೊಬ್ಬು ನೀರಿಗಿಂತ ಹಗುರ. ಅದು ಒಂದು ಕಾರಣ. ಇನ್ನೊಂದು, ನೀರಿನಲ್ಲಿ ತೂಕದ ಬಹುಪಾಲು ಆಮ್ಲಜನಕ, ಕೊಬ್ಬಿನಲ್ಲಿ ಬಹುಪಾಲು ಇಂಗಾಲ. ಇಂಗಾಲದ ಪರಮಾಣು ಸಂಖ್ಯೆ ಕಡಿಮೆ, ಕಿರಣವನ್ನು ಇನ್ನಷ್ಟು ಸಲೀಸಾಗಿ ಬಿಡುತ್ತೆ. ಮೂಳೆಯಲ್ಲಿ ತದ್ವಿರುದ್ಧ: ಕ್ಯಾಲ್ಸಿಯಂ ಸಂಖ್ಯೆ 20, ಆಮ್ಲಜನಕದ್ದು 8. ಕಿರಣವನ್ನು ನುಂಗಿಬಿಡುವ ಒಂದು ಬಗೆ ಈ ಸಂಖ್ಯೆಯ ಘನದಷ್ಟು ಏರುತ್ತೆ, ಆದ್ದರಿಂದ ಗಟ್ಟಿ ಮೂಳೆ ಸಾವಿರ ದಾಟುತ್ತೆ.

ಎಚ್‌ಯು ಅಂದರೆ ಹೌನ್ಸ್‌ಫೀಲ್ಡ್ ಯೂನಿಟ್, ಆ ಹೆಸರು ಬಂದಿರೋದು ಗಾಡ್‌ಫ್ರೇ ಹೌನ್ಸ್‌ಫೀಲ್ಡ್ ಅವರಿಂದ. ಗ್ರಾಮಫೋನ್ ರೆಕಾರ್ಡಿಗೆ ಹೆಸರಾದ ಇಎಂಐ ಕಂಪನಿಯ ಇಂಜಿನಿಯರ್. 1971ರಲ್ಲಿ ಲಂಡನ್ನಿನ ವಿಂಬಲ್ಡನ್‌ನಲ್ಲಿದ್ದ ಆಸ್ಪತ್ರೆಯಲ್ಲಿ ಅವರ ಯಂತ್ರ ಮೊದಲ ರೋಗಿಯ ಮೆದುಳು ತೋರಿಸಿತು, 1979ರಲ್ಲಿ ನೊಬೆಲ್ ಬಂತು. ಅವರ ಮೊದಲ ಪಟ್ಟಿಯಲ್ಲಿ ಗಾಳಿ ಮೈನಸ್ ಐನೂರು ಇತ್ತು, ಆಮೇಲೆ ಅದನ್ನು ದುಪ್ಪಟ್ಟು ಮಾಡಿದರು.

ಲೈಟ್‌ಬಾಕ್ಸ್

ನಾನು ರೇಡಿಯಾಲಜಿಸ್ಟ್. ಮೇಷ್ಟ್ರು ಹೇಳಿದ್ದು ಸರಿ. ಧಾರವಾಡದವರು ಹೇಳಿದ್ದರಲ್ಲಿ ಅರ್ಧ ಸರಿ. ಕಿಡ್ನಿಯಲ್ಲಿ ತೆಳು ಗೋಡೆಯ, ಒಳಗೆ 8 ಎಚ್‌ಯು ಇರುವ ಗುಂಡನೆಯದು ನೀರಿನ ಗುಳ್ಳೆಯೇ. ಆದರೆ ಅಡ್ರಿನಲ್‌ನಲ್ಲಿ ಅದೇ ಅಂಕಿ ಬಂದರೆ ನಮ್ಮ ಮನಸ್ಸಿಗೆ ಮೊದಲು ಬರೋದು ನೀರಲ್ಲ, ಕೊಬ್ಬು.

ಕೊಬ್ಬು ಮೈನಸ್ ನೂರು ಅಂತ ಈಗಷ್ಟೇ ಹೇಳಿದರಲ್ಲ, ಆರು ಹೇಗೆ ಕೊಬ್ಬು ಅಂತ ಕೇಳ್ತೀರಿ. ಅಡ್ರಿನಲ್‌ನ ಹೊರಪದರದ ಕೆಲಸ ಕಾರ್ಟಿಸಾಲ್, ಆಲ್ಡೋಸ್ಟಿರಾನ್ ತರಹದ ಹಾರ್ಮೋನು ತಯಾರಿಸೋದು. ಇವೆಲ್ಲ ಕೊಲೆಸ್ಟ್ರಾಲ್‌ನಿಂದ ಆಗ್ತವೆ. ಹಾಗಾಗಿ ಆ ಕೋಶಗಳು ಕೊಲೆಸ್ಟ್ರಾಲನ್ನು ಸಣ್ಣ ಸಣ್ಣ ಕೊಬ್ಬಿನ ಹನಿಗಳಾಗಿ ಒಳಗೆ ಕೂಡಿಟ್ಟುಕೊಳ್ತವೆ. ಆ ಪದರದ ಕೋಶಗಳೇ ಬೆಳೆದು ಅಡಿನೋಮ ಆದಾಗ ಹೆಚ್ಚಿನವು ಆ ಅಭ್ಯಾಸ ಬಿಡಲ್ಲ. ಹನಿಗಳು ಎಷ್ಟು ಚಿಕ್ಕವು ಅಂದರೆ ಸಿಟಿಗೆ ಬಿಡಿಬಿಡಿಯಾಗಿ ಕಾಣಲ್ಲ. ಒಂದು ಘನದೊಳಗೆ ಕೋಶದ ಮಾಂಸಭಾಗವೂ ಕೊಬ್ಬಿನ ಹನಿಯೂ ಎರಡೂ ಸೇರಿ ಒಂದೇ ಸರಾಸರಿ ಅಂಕಿ ಬರುತ್ತೆ.

ಒಂದು ಒರಟು ಲೆಕ್ಕ ನೋಡಿ. ಕೊಬ್ಬಿಲ್ಲದ ಮಾಂಸಭಾಗ 40, ಕೊಬ್ಬು ಮೈನಸ್ 100 ಅಂತಿಟ್ಟುಕೊಳ್ಳಿ. ಮುಕ್ಕಾಲು ಪಾಲು ಮಾಂಸಭಾಗದಿಂದ 30, ಕಾಲು ಪಾಲು ಕೊಬ್ಬಿನಿಂದ ಮೈನಸ್ 25. ಕೂಡಿದರೆ 5. ನಿಮ್ಮ ತಾಯಿಯವರ ಆರು ಬಂದಿರೋದು ಹೀಗೆ ಅಂತ ನನ್ನ ಅಂದಾಜು. ನೀರು ಇದ್ದಂತೆ ಕಾಣುವ, ನೀರಲ್ಲದ ಅಂಕಿ.

ಶ್ವಾಸಕೋಶದ ಕ್ಯಾನ್ಸರ್ ಅಡ್ರಿನಲ್‌ಗೆ ಹರಡಿದರೆ ಆ ಕೋಶಗಳಲ್ಲಿ ಈ ಕೊಬ್ಬು ಇರಲ್ಲ, 30ರ ಮೇಲೆ ಬರೋದು ಸಾಮಾನ್ಯ. ಗ್ರಂಥಿಯ ಒಳತಿರುಳಿನಿಂದ ಹುಟ್ಟುವ ಫಿಯೋಕ್ರೋಮೋಸೈಟೋಮ ಅನ್ನುವ ಗಡ್ಡೆಯಲ್ಲೂ ಇರಲ್ಲ. ಅದಕ್ಕೇ ಪ್ಲೇನ್ ಸಿಟಿಯಲ್ಲಿ 10 ಅಥವಾ ಅದಕ್ಕಿಂತ ಕಡಿಮೆ, ಜೊತೆಗೆ ಒಳಗೆಲ್ಲ ಒಂದೇ ಸಮ ಇದ್ದರೆ ಕ್ಯಾನ್ಸರ್ ಅಲ್ಲ ಅಂತ ಧೈರ್ಯವಾಗಿ ಬರೀತೀವಿ. 2023ರ ಯುರೋಪಿನ ಎಂಡೋಕ್ರೈನ್ ಮಾರ್ಗಸೂಚಿ ಇಂಥದಕ್ಕೆ ಮತ್ತೆ ಸ್ಕ್ಯಾನ್ ಬೇಡ ಅಂತಲೇ ಹೇಳುತ್ತೆ.

"ಒಂದೇ ಸಮ" ಅನ್ನುವ ಮಾತನ್ನು ಹಗುರವಾಗಿ ತಗೋಬೇಡಿ. ದೊಡ್ಡ ಕೆಟ್ಟ ಗಡ್ಡೆ ನಡುವೆ ಕೊಳೆತು ನೀರಾಗಿದ್ದರೆ ಅಲ್ಲಿ 10, ಅಂಚಿನಲ್ಲಿ 40 ಬರುತ್ತೆ. ನಡುವೆ ಮಾತ್ರ ಅಳೆದವರು ಮೋಸ ಹೋಗ್ತಾರೆ.

ಜಯನಗರ ನಾಲ್ಕನೇ ಬ್ಲಾಕ್

ನನ್ನ ಹೆಂಡತಿಯ ಬೆನ್ನಿನ ಎಂ.ಆರ್.ಐ. ರಿಪೋರ್ಟಿನಲ್ಲಿ ಎಲ್ಲೂ ಎಚ್‌ಯು ಬರೆದೇ ಇಲ್ಲ. ಕೇಳಿದ್ದಕ್ಕೆ ಸೆಂಟರಿನವರು ಸರಿಯಾಗಿ ಉತ್ತರ ಕೊಡಲಿಲ್ಲ. ಮತ್ತೆ ಮಾಡಿಸಬೇಕಾ?

ಕನ್ಸೋಲ್ ದಾವಣಗೆರೆ

ಬೇಡ ಸರ್. ಎಂ.ಆರ್.ಐ.ಯಲ್ಲಿ ಎಕ್ಸ್‌ರೇ ಇಲ್ಲ, ಎಚ್‌ಯು ಇರೋದಿಲ್ಲ. ಅಲ್ಲಿ ಬಿಳುಪು ಕಪ್ಪು ಯಂತ್ರದಿಂದ ಯಂತ್ರಕ್ಕೆ, ಸೀಕ್ವೆನ್ಸಿನಿಂದ ಸೀಕ್ವೆನ್ಸಿಗೆ ಬದಲಾಗುತ್ತೆ.

ನಾನು ಸಿಟಿ ಟೆಕ್ನಿಷಿಯನ್. ದಾವಣಗೆರೆಯಲ್ಲಿ ಮಾಡಿದ್ದನ್ನು ಮಂಗಳೂರಿನಲ್ಲಿ ಓದಿದರೂ ನೀರು ನೀರೇ ಆಗಿರಬೇಕು, ಅದಕ್ಕಾಗಿ ಬೆಳಿಗ್ಗೆ ಮೊದಲ ಪೇಷಂಟ್ ಬರೋ ಮುಂಚೆ ಟ್ಯೂಬ್ ಬಿಸಿ ಮಾಡಿ ಗಾಳಿಯ ಕ್ಯಾಲಿಬ್ರೇಷನ್ ಮಾಡ್ತೀವಿ. ಆಮೇಲೆ ನೀರು ತುಂಬಿದ ದುಂಡನೆ ಫ್ಯಾಂಟಮ್ ಇಟ್ಟು ಸ್ಕ್ಯಾನ್ ಮಾಡಿ, ನಡುವೆ ಒಂದು ವೃತ್ತ, ಅಂಚಿನಲ್ಲಿ ನಾಲ್ಕು ವೃತ್ತ ಎಳೆದು ನೋಡ್ತೀವಿ. ಎಲ್ಲ ಸೊನ್ನೆಯ ಆಚೀಚೆ ನಾಲ್ಕೈದರೊಳಗೆ ಬರಬೇಕು. ಒಂದು ಸಲ ಅಂಚಿನಲ್ಲಿ 9 ತೋರಿಸಿತು. ನೋಡಿದರೆ ಫ್ಯಾಂಟಮ್ ಯಂತ್ರದ ಬಳೆಯ ನಡುವೆ ಇರಲಿಲ್ಲ, ಎತ್ತರ ಸರಿಪಡಿಸಿದ ಮೇಲೆ 2ಕ್ಕೆ ಇಳೀತು. ಪೇಷಂಟ್ ನಡುವೆ ಇಲ್ಲದಿದ್ದರೂ ಹೀಗೇ ಅಂಕಿ ಜಾರುತ್ತೆ.

ಇನ್ನೊಂದು, ರಿಪೋರ್ಟಿನಲ್ಲಿ ಅಥವಾ ಫಿಲ್ಮಿನ ಮೂಲೆಯಲ್ಲಿ ಕೆವಿ, ಅಂದರೆ ಎಕ್ಸ್‌ರೇ ಟ್ಯೂಬಿನ ವೋಲ್ಟೇಜ್, ಎಷ್ಟು ಅಂತ ನೋಡಿಕೊಳ್ಳಿ. ಸಣಕಲು ಮೈಯವರಿಗೆ 100, 80ಕ್ಕೂ ಇಳಿಸ್ತೀವಿ. ನೀರಿನ ಸೊನ್ನೆ, ಗಾಳಿಯ ಮೈನಸ್ ಸಾವಿರ ಅಲ್ಲಾಡಲ್ಲ, ಆದರೆ ಕಲ್ಲು, ಮೂಳೆ, ಕಾಂಟ್ರಾಸ್ಟ್ ಜೋರಾಗಿ ಏರ್ತವೆ, ಕೊಬ್ಬು ಇನ್ನೂ ಸ್ವಲ್ಪ ಕೆಳಗಿಳಿಯುತ್ತೆ.

ತುಂಗಾತೀರ

ಎಲ್ಲರಿಗೂ ತುಂಬಾ ಧನ್ಯವಾದ. ಕೆವಿ 120 ಅಂತ ಇದೆ. ಸಿ.ಡಿ. ತಂದು ನಾನೇ ಅಳೆಯೋಣ ಅಂತ ಕೂತೆ, ಸಾಫ್ಟ್‌ವೇರ್ ಕೆಲಸದವನು. ಪೈಥಾನ್‌ನಲ್ಲಿ ಫೈಲ್ ತೆರೆದು ಗಂಟಿನ ನಡುವೆ ನೋಡಿದರೆ 1030 ಅಂತ ಬಂತು! ಮೂಳೆಯಷ್ಟು. ಎದೆ ಧಸಕ್ಕೆಂದಿತು. ಆಮೇಲೆ ವ್ಯೂವರ್‌ನಲ್ಲಿ ವೃತ್ತ ಎಳೆದೆ, ಮೈನಸ್ 10 ಬಂತು. ರಿಪೋರ್ಟಿನಲ್ಲಿ 6. ಮೂರರಲ್ಲಿ ಯಾವುದು ನಿಜ?

ಕನ್ಸೋಲ್ ದಾವಣಗೆರೆ

1030ರ ಉತ್ತರ ಸುಲಭ. ಫೈಲಿನಲ್ಲಿ ಇರೋದು ಕಚ್ಚಾ ಅಂಕಿ, ಎಚ್‌ಯು ಅಲ್ಲ. ಮೈನಸ್ ಇಲ್ಲದ ಹಾಗೆ ಉಳಿಸೋಕೆ ಮೇಲೆತ್ತಿ ಇಟ್ಟಿರುತ್ತಾರೆ. ಈ ಸಾಲು ಹಾಕಿ:

```
hu = ds.pixel_array * ds.RescaleSlope + ds.RescaleIntercept
```

ನಿಮ್ಮ ಫೈಲಿನಲ್ಲಿ RescaleSlope 1, RescaleIntercept -1024 ಇರುತ್ತೆ ಅಂದುಕೊಳ್ತೀನಿ. 1030ರಲ್ಲಿ 1024 ಕಳೀರಿ.

ತುಂಗಾತೀರ

ಹೌದು, -1024 ಇದೆ. 6! ಎಷ್ಟು ಹಗುರಾಯಿತು. ಹಾಗಾದರೆ ವ್ಯೂವರ್‌ನಲ್ಲಿ ಮೈನಸ್ 10 ಯಾಕೆ?

ಲೈಟ್‌ಬಾಕ್ಸ್

ನೀವು ವೃತ್ತವನ್ನು ಗಂಟಿನ ಅಂಚಿನವರೆಗೂ ಎಳೆದಿದ್ದೀರಿ ಅನ್ಸುತ್ತೆ. ಸುತ್ತ ಇರೋದು ಹೊಟ್ಟೆಯ ಹಿಂಭಾಗದ ಕೊಬ್ಬು, ಮೈನಸ್ 105ರ ಆಸುಪಾಸು. ನಿಮ್ಮ ವೃತ್ತದ ಏಳರಲ್ಲಿ ಒಂದು ಪಾಲು ಆ ಕೊಬ್ಬಿನ ಮೇಲೆ ಬಿದ್ದರೂ ಸಾಕು. ಆರು ಪಾಲು 6ರಂತೆ, ಒಂದು ಪಾಲು ಮೈನಸ್ 105ರಂತೆ ಕೂಡಿ ಏಳರಿಂದ ಭಾಗಿಸಿ ನೋಡಿ, ಮೈನಸ್ 10.

ಸ್ಲೈಸ್ ದಪ್ಪ ಎಷ್ಟು ಅಂತ ಕೂಡ ನೋಡಿ. 5 ಮಿ.ಮೀ. ಸ್ಲೈಸ್‌ನಲ್ಲಿ ಗಂಟಿನ ಮೇಲ್ತುದಿ, ಕೆಳತುದಿಯ ಘನಗಳು ಅರ್ಧ ಗಂಟು, ಅರ್ಧ ಕೊಬ್ಬು ಆಗಿರ್ತವೆ. ವೃತ್ತ ಸರಿಯಾಗಿ ಒಳಗೇ ಇದ್ದರೂ ಅಂಕಿ ಸುಳ್ಳಾಗುತ್ತೆ. ನಾನು ಗಂಟು ಅತಿ ಅಗಲ ಕಾಣುವ ಸ್ಲೈಸ್ ಆರಿಸಿಕೊಂಡು, ಅಗಲದ ಮೂರರಲ್ಲಿ ಎರಡು ಪಾಲು ಹಿಡಿಯುವ ವೃತ್ತ ಎಳೀತೀನಿ, ಅಂಚು ಮುಟ್ಟಲ್ಲ. ಮೇಲೂ ಕೆಳಗೂ ಒಂದೊಂದು ಸ್ಲೈಸ್‌ನಲ್ಲಿ ಮತ್ತೆ ಅಳೆದು ನೋಡ್ತೀನಿ. ಕರ್ಸರ್ ಒಂದು ಚುಕ್ಕೆಯ ಮೇಲಿಟ್ಟು ಬರುವ ಅಂಕಿ ನಂಬಬೇಡಿ. ನೀವು 1030 ನೋಡಿದ್ದು ಒಂದೇ ಚುಕ್ಕೆ ಆಗಿದ್ದರೆ, ಅದರ ಪಕ್ಕದ್ದು 990 ಇರಬಹುದು, ಅದರಾಚೆಯದ್ದು 1050. ಒಂದೇ ವಸ್ತುವಿನಲ್ಲೂ ಚುಕ್ಕೆಗಳು ಹೀಗೆ ಕುಣೀತವೆ. ಸರಾಸರಿಗೆ ಮಾತ್ರ ಬೆಲೆ.

ಇದೇ ಗೊಂದಲದಿಂದ ಇನ್ನೊಂದು ತಪ್ಪೂ ಆಗುತ್ತೆ. ಗಂಟಿನೊಳಗೆ ನಿಜವಾಗಿ ಮೈನಸ್ 60, ಮೈನಸ್ 90ರ ಕಪ್ಪು ತೇಪೆ ಕಂಡರೆ ಅದು ಮಯಲೋಲಿಪೋಮ ಅನ್ನುವ ಬೇರೆ ನಿರಪಾಯಕಾರಿ ಗಡ್ಡೆ. ಅಂಚಿನ ಕೊಬ್ಬನ್ನು ಒಳಗೆ ಸೇರಿಸಿಕೊಂಡು ಹಾಗೆ ಕರೆದುಬಿಟ್ಟ ರಿಪೋರ್ಟ್ ನಾನು ಕಂಡಿದ್ದೇನೆ.

ಧಾರವಾಡದಾಂವ

ಡಾಕ್ಟರ್ ಮೇಡಂ, ನನ್ನ ತಪ್ಪು ತಿಳೀತು. ಮತ್ತ ಒಂದು ಸಂಶಯ. ಒಳಗ ನೀರು ಇದ್ದು 6, ಕೊಬ್ಬು ಬೆರೆತು 6, ಎರಡೂ ಒಂದ ಅಂಕಿ. ಅಂಕಿಯಿಂದ ಹ್ಯಾಂಗ ಬ್ಯಾರೆ ಮಾಡ್ತೀರಿ?

ಲೈಟ್‌ಬಾಕ್ಸ್

ಒಳ್ಳೆ ಪ್ರಶ್ನೆ ಸರ್. ಪ್ಲೇನ್ ಸಿಟಿಯ ಅಂಕಿಯೊಂದರಿಂದಲೇ ಆಗಲ್ಲ. ಕಾಂಟ್ರಾಸ್ಟ್ ಕೊಟ್ಟರೆ ನೀರಿಗೆ ರಕ್ತನಾಳ ಇಲ್ಲ, 6 ಆರರ ಹತ್ತಿರವೇ ಉಳಿಯುತ್ತೆ. ಅಡಿನೋಮಗೆ ರಕ್ತ ಚೆನ್ನಾಗಿ ಹೋಗುತ್ತೆ, 60ಕ್ಕೋ 70ಕ್ಕೋ ಏರುತ್ತೆ. ಎಂ.ಆರ್.ಐ.ಯಲ್ಲೂ ಕೋಶದೊಳಗಿನ ಕೊಬ್ಬು ತಾನೇ ಗುರುತು ಕೊಡುತ್ತೆ. ಆದರೆ ಅಡ್ರಿನಲ್‌ನಲ್ಲಿ ಬರೀ ನೀರಿನ ಗುಳ್ಳೆ ಅಪರೂಪ, ಎರಡೂ ನಿರಪಾಯ. ಹಾಗಾಗಿ ಇವರ ತಾಯಿಗೆ ಅದನ್ನು ಬೇರ್ಪಡಿಸೋಕೆ ಇನ್ನೊಂದು ಸ್ಕ್ಯಾನ್ ಬೇಕಿಲ್ಲ.

ಕಡಲ ಗಾಳಿ

ಈ ಚರ್ಚೆ ಓದಿ ನನಗೆ ಭಯ ಹೆಚ್ಚಾಯ್ತು ಮಾರಾಯ್ರೆ. ಅಪ್ಪನಿಗೆ 64. ಹೊಟ್ಟೆ ನೋವಿಗೆ ಕಾಂಟ್ರಾಸ್ಟ್ ಸಿಟಿ ಮಾಡಿದ್ರು, ಬಲ ಅಡ್ರಿನಲ್‌ನಲ್ಲಿ 2.8 ಸೆಂ.ಮೀ., 62 ಎಚ್‌ಯು. ಹತ್ತಕ್ಕಿಂತ ಎಷ್ಟೋ ಮೇಲೆ ಉಂಟಲ್ಲ, ಅಂದ್ರೆ ಕ್ಯಾನ್ಸರಾ? ಅಪ್ಪನಿಗೆ ಬಿ.ಪಿ. ಕೂಡ ಉಂಟು, ಕೆಲವು ಸಲ ಸುಮ್ಮನೆ ಕೂತಲ್ಲೇ ಬೆವರಿ ಎದೆ ಹೊಡ್ಕೊಳ್ತದೆ.

ಲೈಟ್‌ಬಾಕ್ಸ್

ಹತ್ತರ ಗೆರೆ ಕಾಂಟ್ರಾಸ್ಟ್ ಕೊಡುವ ಮೊದಲಿನ ಸ್ಕ್ಯಾನಿಗೆ ಮಾತ್ರ. ನಿಮ್ಮ ತಂದೆಯವರದು ಅಯೋಡಿನ್ ಸೇರಿದ 62. ಅದರಿಂದ ಒಳ್ಳೆಯದೂ ಕೆಟ್ಟದೂ ಹೇಳೋಕೆ ಬರಲ್ಲ. ಕೊಬ್ಬಿರುವ ಅಡಿನೋಮಕ್ಕೂ ಆ ಹಂತದಲ್ಲಿ 62 ಬರಬಹುದು. ಬೇರೆ ದಿನ ಪ್ಲೇನ್ ಸ್ಕ್ಯಾನ್ ಮಾಡಿಸಿ. ಅಡಿನೋಮಗಳಲ್ಲೇ ಹತ್ತರಲ್ಲಿ ಮೂರು ಕೊಬ್ಬು ಕಡಿಮೆ ಇದ್ದು 10 ದಾಟ್ತವೆ, ಅದನ್ನೂ ನೆನಪಿಟ್ಟುಕೊಳ್ಳಿ.

ಕಡಲ ಗಾಳಿ

ಹದಿನೈದು ದಿನ ಬಿಟ್ಟು ಬಂದೆ. ಇನ್ನೊಂದು ಕಡೆ ಮಾಡಿಸಿದೆವು. ಪ್ಲೇನ್‌ನಲ್ಲಿ 24 ಬಂತು. ಹತ್ತಕ್ಕಿಂತ ಜಾಸ್ತಿ ಅಂತ ಕಾಂಟ್ರಾಸ್ಟೂ ಕೊಟ್ರು. ಒಂದು ನಿಮಿಷ ಆದ ಮೇಲೆ 84, ಹದಿನೈದು ನಿಮಿಷಕ್ಕೆ 42. ವಾಷ್‌ಔಟ್ 70 ಪರ್ಸೆಂಟ್, ಅಡಿನೋಮ ಅಂತ ಬರೆದಿದ್ದಾರೆ. ನಿಶ್ಚಿಂತೆಯಾ?

ಹಾಸನದ ಮೇಷ್ಟ್ರು

70 ಹೇಗೆ ಬಂತು ಅಂತ ನಾನು ಲೆಕ್ಕ ಹಾಕಿದೆ. ಕಾಂಟ್ರಾಸ್ಟಿನಿಂದ 24ರಿಂದ 84ಕ್ಕೆ 60 ಏರಿತು. ಹದಿನೈದು ನಿಮಿಷಕ್ಕೆ 84ರಿಂದ 42ಕ್ಕೆ ಇಳಿದಿದ್ದು 42. ಏರಿದ ಅರವತ್ತರಲ್ಲಿ ನಲವತ್ತೆರಡು ತೊಳೆದು ಹೋಯಿತು, ನೂರಕ್ಕೆ ಎಪ್ಪತ್ತು. ಗೆರೆ 60 ಅಂತ ಓದಿದ್ದೇನೆ, ಇದು ದಾಟಿದೆ.

ಒಪಿಡಿ ಏಳನೇ ನಂಬರ್

ನಾನು ಎಂಡೋಕ್ರೈನಾಲಜಿ ಓದುತ್ತಿರುವ ಡಾಕ್ಟರ್. ಲೆಕ್ಕ ಸರಿ ಇದೆ, ಆದರೆ ನಿಶ್ಚಿಂತೆ ಅಂತ ನಾನು ಹೇಳಲ್ಲ. ಫಿಯೋಕ್ರೋಮೋಸೈಟೋಮಗಳಲ್ಲಿ ಕೆಲವು ಹೀಗೇ ಬೇಗ ತೊಳೆದುಕೊಳ್ತವೆ. ಕಿಡ್ನಿ ಕ್ಯಾನ್ಸರಿನಿಂದ ಹರಡಿದ್ದೂ ತೊಳೆದುಕೊಳ್ಳಬಹುದು. ಬೆವರು, ಎದೆಬಡಿತ, ಬಿ.ಪಿ. ಮೂರೂ ಇರುವ ಮನುಷ್ಯನಲ್ಲಿ ಪ್ಲೇನ್ ಅಂಕಿ 24 ಇದೆ. ಇಲ್ಲಿ ಮೊದಲು ಬೇಕಾದ್ದು ರಕ್ತದಲ್ಲಿ ಮೆಟನೆಫ್ರಿನ್ ಪರೀಕ್ಷೆ, ಅಂದರೆ ಫಿಯೋ ಸುರಿಸುವ ಅಡ್ರಿನಲಿನ್ ತರಹದ ಹಾರ್ಮೋನುಗಳಿಂದ ಆಗುವ ವಸ್ತುವಿನ ಪರೀಕ್ಷೆ. ಅದು ಬರುವವರೆಗೆ ಯಾರೂ ಸೂಜಿ ಹಾಕಿ ತುಣುಕು ತೆಗೆಯೋಣ ಅಂದರೂ ಒಪ್ಪಬೇಡಿ. ಫಿಯೋ ಆಗಿದ್ದರೆ ಚುಚ್ಚಿದ ಕೂಡಲೇ ಬಿ.ಪಿ. ಜೀವಕ್ಕೆ ಅಪಾಯ ಆಗುವಷ್ಟು ಏರಬಹುದು.

ಲೈಟ್‌ಬಾಕ್ಸ್

ಮೆಟನೆಫ್ರಿನ್ ಮಾತು ಒಪ್ಪಿದೆ, ನಾನೇ ಮೊದಲು ಹೇಳಬೇಕಿತ್ತು. ಆದರೆ ವಾಷ್‌ಔಟ್‌ಗೆ ಬೆಲೆಯೇ ಇಲ್ಲ ಅಂತ ನಾನು ಒಪ್ಪಲ್ಲ. ಬೇರೆ ಯಾವ ಕಾಯಿಲೆಯೂ ಇಲ್ಲದ ರೋಗಿಯಲ್ಲಿ, ಪ್ಲೇನ್ 15ರಿಂದ 20ರೊಳಗಿದ್ದಾಗ, ಅದರಿಂದ ನನಗೆ ನಿಜವಾಗಿ ಸಹಾಯ ಆಗಿದೆ.

ಒಪಿಡಿ ಏಳನೇ ನಂಬರ್

ಪ್ಲೇನ್ ಅಂಕಿಯ ಹಿಂದೆ ಜೀವಕೋಶದ ಕಾರಣ ಇದೆ ಮೇಡಂ, ಕೊಬ್ಬು ಇದೆ ಅಥವಾ ಇಲ್ಲ. ವಾಷ್‌ಔಟ್‌ಗೆ ಅಷ್ಟು ಗಟ್ಟಿ ಕಾರಣ ನನಗೆ ಕಾಣ್ತಿಲ್ಲ. ನಮ್ಮ ವಿಭಾಗದಲ್ಲಿ ಅದನ್ನು ಕೇಳೋದನ್ನೇ ಕಡಿಮೆ ಮಾಡಿದ್ದೇವೆ. ಈ ಒಂದು ವಿಷಯದಲ್ಲಿ ನಾವಿಬ್ಬರೂ ಒಪ್ಪಲ್ಲ ಅನ್ಸುತ್ತೆ.

ತುಂಗಾತೀರ ಅವರೇ, ನಿಮ್ಮ ತಾಯಿಗೆ 6 ಇರೋದರಿಂದ ಮೆಟನೆಫ್ರಿನ್ ಅಗತ್ಯ ಕಾಣಲ್ಲ. ಆದರೆ ಎಚ್‌ಯು ಆ ಗಂಟು ಏನರಿಂದ ಆಗಿದೆ ಅಂತ ಹೇಳುತ್ತೆ, ಅದು ಹಾರ್ಮೋನು ಸುರಿಸುತ್ತಿದೆಯೋ ಇಲ್ಲವೋ ಹೇಳಲ್ಲ. ಕೊಬ್ಬು ತುಂಬಿಕೊಂಡ ಅಡಿನೋಮವೇ ಕಾರ್ಟಿಸಾಲ್ ಹೆಚ್ಚು ಮಾಡಬಹುದು. ರಾತ್ರಿ ಹನ್ನೊಂದಕ್ಕೆ 1 ಮಿ.ಗ್ರಾಂ. ಡೆಕ್ಸಾಮೆಥಾಸೋನ್ ಮಾತ್ರೆ, ಬೆಳಿಗ್ಗೆ ಎಂಟಕ್ಕೆ ರಕ್ತದ ಕಾರ್ಟಿಸಾಲ್. ಇದನ್ನು ಬಿಡಬೇಡಿ. ಬಿ.ಪಿ., ಸಕ್ಕರೆ ಇದೆಯಾ ಅವರಿಗೆ?

ತುಂಗಾತೀರ

ಎರಡೂ ಇದೆ ಡಾಕ್ಟ್ರೇ. ಮೂರು ವರ್ಷದಿಂದ ಬಿ.ಪಿ. ಮಾತ್ರೆ ಮೂರು ಬಗೆಯಾಗಿದೆ.

ಒಪಿಡಿ ಏಳನೇ ನಂಬರ್

ಹಾಗಿದ್ದರೆ ಆಲ್ಡೋಸ್ಟಿರಾನ್ ಮತ್ತು ರೆನಿನ್ ಕೂಡ ಕೇಳಿ. ಈಗ ತಗೊಳ್ತಿರುವ ಮಾತ್ರೆಗಳ ಪಟ್ಟಿ ಲ್ಯಾಬಿಗಲ್ಲ, ಬರೆದುಕೊಡುವ ಡಾಕ್ಟರಿಗೆ ತೋರಿಸಿ, ಕೆಲವು ಮಾತ್ರೆ ಆ ಅಂಕಿಗಳನ್ನು ಕೆಡಿಸ್ತವೆ.

ತುಂಗಾತೀರ

ಎಂಟು ದಿನದ ಮೇಲೆ ಬರೀತಿದ್ದೀನಿ. ಲೈಟ್‌ಬಾಕ್ಸ್ ಮೇಡಂ ಹೇಳಿದ ಹಾಗೆ 1 ಮಿ.ಮೀ. ಸ್ಲೈಸ್ ತೆರೆದು, ಅಂಚು ಬಿಟ್ಟು ಮೂರು ಕಡೆ ವೃತ್ತ ಎಳೆದೆ. 7, 5, 8 ಬಂತು. ರಿಪೋರ್ಟ್ ಬರೆದ ಡಾಕ್ಟರೂ ಮತ್ತೆ ನೋಡಿ ಅದೇ ಹೇಳಿದರು.

ಡೆಕ್ಸಾಮೆಥಾಸೋನ್ ಆದ ಮೇಲಿನ ಕಾರ್ಟಿಸಾಲ್ 2.6 ಬಂದಿದೆ, 1.8ರ ಒಳಗೆ ಇರಬೇಕಿತ್ತಂತೆ. ಆಲ್ಡೋಸ್ಟಿರಾನ್ ಇನ್ನೂ ಬಂದಿಲ್ಲ. ಕ್ಯಾನ್ಸರ್ ಅಲ್ಲ ಅಂತ ಅಮ್ಮನಿಗೆ ಹೇಳಿದ್ದೇನೆ, ಕಾರ್ಟಿಸಾಲ್ ವಿಷಯ ಇನ್ನೂ ಹೇಳಿಲ್ಲ. ಎಂಡೋಕ್ರೈನಾಲಜಿಸ್ಟ್ ಹತ್ತಿರ ಸೋಮವಾರಕ್ಕೆ ಟೈಮ್ ಸಿಕ್ಕಿದೆ.

ಕಡಲ ಗಾಳಿ

ನಮ್ಮದೂ ರಕ್ತ ಕೊಟ್ಟು ಬಂದೆವು. ಮೆಟನೆಫ್ರಿನ್ ಸ್ಯಾಂಪಲ್ ಹೊರಗಿನ ಲ್ಯಾಬಿಗೆ ಹೋಗ್ತದಂತೆ, ರಿಪೋರ್ಟಿಗೆ ಒಂದು ವಾರ. ಬಂದ ಕೂಡಲೇ ಇಲ್ಲಿ ಹಾಕ್ತೇನೆ.